ಅಲ್ಯೂಮಿನಿಯಂ ಪಾತ್ರೆಯೂ ಇಂಡಕ್ಷನ್ ಒಲೆಯೂ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಅಲ್ಯೂಮಿನಿಯಂ ಸ್ಟೀಲಿಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತಲ್ವಾ ಸಾರ್? ಮತ್ತೆ ಇಂಡಕ್ಷನ್ ಮೇಲೆ ಯಾಕೆ ಕಾಯಲ್ಲ? ಅಯಸ್ಕಾಂತ ಅಂಟಲ್ಲ ಅಂತ ತಾನೆ?”

ಚೆನ್ನಾಗಿ ಹರಿಸುತ್ತದೆ, ಅದಕ್ಕೇ ಕಾಯುವುದಿಲ್ಲ. ಪೀಣ್ಯದಲ್ಲಿ ಒಲೆಯ ಬೋರ್ಡುಗಳನ್ನು ರಿಪೇರಿ ಮಾಡುತ್ತ ಕೂತ ನನಗೆ ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಕೇಳುವುದಕ್ಕೆ ಬೇಸರವಿಲ್ಲ. ಕೊನೆಗೆ ಅಯಸ್ಕಾಂತದ ಉತ್ತರವನ್ನೂ ತಾವೇ ಹೇಳಿ, ನಾನು ಹೂಂ ಅನ್ನಲಿ ಅಂತ ಕಾಯುತ್ತಾರಲ್ಲ, ಅದು ಬೇಸರ. ಅಂಗಡಿಯಲ್ಲಿ ಪಾತ್ರೆ ಆರಿಸಲು ಅಯಸ್ಕಾಂತ ಸಾಕು. ಕಾರಣ ಹೇಳಲು ಸಾಲದು. ಇದನ್ನು ನನಗೆ ಕಲಿಸಿದ್ದು ರಾಜಾಜಿನಗರದ ನಮ್ಮ ಚಿಕ್ಕಮ್ಮ.

ಅವರ ಮನೆಯಲ್ಲಿ ಅಜ್ಜಿಯ ಕಾಲದ ದಪ್ಪ ಅಲ್ಯೂಮಿನಿಯಂ ಕುಕ್ಕರ್ ಇತ್ತು. ಹೊಸ ಒಲೆಯ ಮೇಲೆ ಇಟ್ಟರೆ ನಾಲ್ಕು ಸಲ ಬೀಪ್ ಅಂದು ಆರಿಹೋಗುತ್ತಿತ್ತು. “ಅದಕ್ಕೆ ಅಯಸ್ಕಾಂತ ಅಂಟಲ್ಲ, ಅಲ್ಯೂಮಿನಿಯಂ ಇದರ ಮೇಲೆ ಕಾಯೋದೇ ಇಲ್ಲ ಚಿಕ್ಕಮ್ಮ” ಅಂದುಬಿಟ್ಟೆ. ಒಂದು ತಿಂಗಳಾದ ಮೇಲೆ ಫೋನ್ ಬಂತು. ಹಾಲು ಉಕ್ಕಿದರೆ ಗಾಜು ಗಲೀಜಾಗದಿರಲಿ ಅಂತ, ಚಪಾತಿ ಸುತ್ತುವ ಫಾಯಿಲನ್ನು ಗಾಜಿನ ಮೇಲೆ ಹಾಸಿ ಅದರ ಮೇಲೆ ಸ್ಟೀಲ್ ಪಾತ್ರೆ ಇಟ್ಟಿದ್ದರು. ಹಾಲು ಬೆಚ್ಚಗಾಗುವ ಮುಂಚೆಯೇ ಸುಟ್ಟ ವಾಸನೆ. ಹೋಗಿ ನೋಡಿದರೆ ಫಾಯಿಲ್ ಸುಕ್ಕುಗಟ್ಟಿದ್ದ ಕಡೆಯಲ್ಲೆಲ್ಲ ತೂತು ಬಿದ್ದು, ಗಾಜಿಗೆ ಬೂದುಬಣ್ಣದ ಗೆರೆಗಳಾಗಿ ಕಚ್ಚಿಕೊಂಡಿತ್ತು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು.

“ಅಲ್ಯೂಮಿನಿಯಂ ಕಾಯೋದೇ ಇಲ್ಲ ಅಂದ್ಯಲ್ಲೋ?” ಅಂದರು.

ಫಾಯಿಲಿಗೂ ಅಯಸ್ಕಾಂತ ಅಂಟುವುದಿಲ್ಲ. ಕುಕ್ಕರ್ ತಣ್ಣಗೆ ಕೂತಿತು, ಅದೇ ಲೋಹದ ಹಾಳೆ ಕರಗಿತು. ಹಾಗಾದರೆ ಕೇಳಬೇಕಾದ್ದೇ ಬೇರೆ: ಪಾತ್ರೆಯ ತಳದಲ್ಲಿ ಕರೆಂಟ್ ಎಷ್ಟು ದಪ್ಪದವರೆಗೆ ಇಳಿಯುತ್ತದೆ? ಇದನ್ನು ನನ್ನ ಬಳಿ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಗಾಜಿನ ಕೆಳಗೆ ತಾಮ್ರದ ಸುರುಳಿ ಇದೆ. ಅದರಲ್ಲಿ ಕರೆಂಟ್ ಸೆಕೆಂಡಿಗೆ ಸುಮಾರು 24,000 ಸಲ ಹಿಂದೆಮುಂದೆ ಹರಿಯುತ್ತದೆ. ಆ ಬದಲಾಗುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುತ್ತುಸುತ್ತಾಗಿ ಕರೆಂಟ್ ಎಬ್ಬಿಸುತ್ತದೆ. ಇದೇ ಎಡ್ಡಿ ಕರೆಂಟ್. ಈ ಕರೆಂಟ್ ತನ್ನದೇ ಕಾಂತಕ್ಷೇತ್ರ ಹುಟ್ಟಿಸಿ ಬಂದದ್ದನ್ನು ತಡೆಯುವುದರಿಂದ ಒಳಗೆ ಹೋದಷ್ಟೂ ಕ್ಷೇತ್ರ ಸೊರಗುತ್ತದೆ. ಹಾಗಾಗಿ ಕರೆಂಟಿನ ಬಹುಪಾಲು ಸುರುಳಿಯ ಕಡೆಗಿರುವ ತೆಳು ಪದರದಲ್ಲೇ ಹರಿಯುತ್ತದೆ. ಆ ಪದರದ ದಪ್ಪವೇ ಸ್ಕಿನ್ ಡೆಪ್ತ್:

δ = √(ρ / (π f μ))

ρ ಅಂದರೆ ಲೋಹದ ರೋಧಗುಣ, f ಆವರ್ತನ, μ ಅಂದರೆ ಲೋಹ ಕಾಂತಕ್ಷೇತ್ರವನ್ನು ಎಷ್ಟು ಒಳಗೆಳೆದುಕೊಳ್ಳುತ್ತದೆ ಎಂಬುದು. ಅಯಸ್ಕಾಂತ ಅಂಟುವ 430 ಸ್ಟೀಲಿಗೆ μ ಗಾಳಿಯ 200 ಪಟ್ಟು ಎಂದು ಹಿಡಿದರೆ δ ಸುಮಾರು 0.18 ಮಿಲಿಮೀಟರ್. ಎರಡು ಕಾಗದದ ಹಾಳೆಯಷ್ಟು. ಅಲ್ಯೂಮಿನಿಯಮ್ಮಿಗೆ 0.53 ಮಿಲಿಮೀಟರ್, ಅಂದರೆ ಮೂರು ಪಟ್ಟು ಆಳ. ಅಯಸ್ಕಾಂತದ ಗುಣ ಮುಖ್ಯವಾಗಿ ಕೆಲಸ ಮಾಡುವುದು ಇಲ್ಲಿ. ಅದು ಕರೆಂಟನ್ನು ತೆಳು ಪದರಕ್ಕೆ ಒತ್ತುತ್ತದೆ. ಕಾಂತೀಯತೆ ತಾನಾಗಿಯೇ ಹುಟ್ಟಿಸುವ ಶಾಖವೂ ಇದೆ, ಆದರೆ ಅದು ಸಣ್ಣ ಪಾಲು.

ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮನೆಯ ಹೀಟರಿಗೆ ಗೋಡೆಯಿಂದ ಸಿಗುವುದು 230 ವೋಲ್ಟ್. ಅಲ್ಲಿ ರೋಧ ಕಡಿಮೆಯಾದರೆ ಕರೆಂಟ್ ಜಾಸ್ತಿಯಾಗಿ ಶಾಖವೂ ಜಾಸ್ತಿ. ಪಾತ್ರೆಯ ತಳ ಹಾಗಲ್ಲ. ಅಲ್ಲಿ ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ಸುರುಳಿಯ ಕರೆಂಟೇ ನಿರ್ಧರಿಸುತ್ತದೆ. ದಪ್ಪ ತಳವಿದ್ದರೆ ಸ್ಟೀಲಾಗಲಿ ಅಲ್ಯೂಮಿನಿಯಂ ಆಗಲಿ, ಅದು ಹೆಚ್ಚೂಕಮ್ಮಿ ಒಂದೇ. ಕರೆಂಟ್ ಗೊತ್ತಾದ ಮೇಲೆ ಶಾಖ I²R. ರೋಧ ಎಷ್ಟೋ ಶಾಖ ಅಷ್ಟು.

ಅಲ್ಯೂಮಿನಿಯಮ್ಮಿನ ರೋಧಗುಣ ಆ ಸ್ಟೀಲಿನ 22ರಲ್ಲಿ ಒಂದು ಪಾಲು. ಮೇಲಿಂದ, ಹರಿಯಲು ಮೂರು ಪಟ್ಟು ದಪ್ಪದ ದಾರಿ. ಎರಡನ್ನೂ ಗುಣಿಸಿ: ಒಂದೇ ಕರೆಂಟಿಗೆ ಅಲ್ಯೂಮಿನಿಯಂ ಸ್ಟೀಲಿನ ಸುಮಾರು 66ರಲ್ಲಿ ಒಂದು ಪಾಲು ಮಾತ್ರ ಕಾಯುತ್ತದೆ. ಸ್ಟೀಲಿನಲ್ಲಿ 1,500 ವಾಟ್ ಇಳಿಸುವ ಕರೆಂಟ್ ಆ ಕುಕ್ಕರಿನಲ್ಲಿ ಇಳಿಸುವುದು 23 ವಾಟ್. ಅಷ್ಟರಲ್ಲಿ ಅನ್ನ ಬೇಯುವುದಿಲ್ಲ. ಕರೆಂಟ್ ಏರಿಸಿದರೆ ಸುರುಳಿಯೂ ಅದರ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ ಆದ ಐಜಿಬಿಟಿಯೂ ಮೊದಲು ಸುಡುತ್ತವೆ, ಯಾಕೆಂದರೆ ಅಷ್ಟು ಕಡಿಮೆ ರೋಧದೆದುರು ಸುರುಳಿಯ ಸ್ವಂತ ರೋಧವೇ ದೊಡ್ಡದು. ಸಾಲದ್ದಕ್ಕೆ ಅಲ್ಯೂಮಿನಿಯಂ ಕಾಂತಕ್ಷೇತ್ರವನ್ನು ಆಚೆಗೆ ದೂಡುವುದರಿಂದ ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ, ಅಂದರೆ ಇಂಡಕ್ಟನ್ಸ್, ಕುಸಿಯುತ್ತದೆ. ಒಲೆ ಇದನ್ನೆಲ್ಲ ಅಳೆದೇ ಬೀಪ್ ಅನ್ನುವುದು. ಒಲೆ ಕೆಟ್ಟಿದೆ ಅಂತ ಹೊತ್ತು ತರಬೇಡಿ, ಅದು ಸರಿಯಾದ ಕೆಲಸವನ್ನೇ ಮಾಡುತ್ತಿದೆ.

ಈಗ ಚಿಕ್ಕಮ್ಮನ ಫಾಯಿಲ್. ಅದರ ದಪ್ಪ ಸುಮಾರು 0.011 ಮಿಲಿಮೀಟರ್. ಕರೆಂಟಿಗೆ 0.53 ಇಳಿಯುವ ಆಸೆ, ಆದರೆ ಅಲ್ಲಿ ಲೋಹವೇ ಇಲ್ಲ. ದಾರಿ 48 ಪಟ್ಟು ಸಣ್ಣದಾಯಿತು, ರೋಧ 48 ಪಟ್ಟು ಏರಿತು. 66 ಪಟ್ಟು ಹಿಂದಿದ್ದ ಲೋಹ ಸ್ಟೀಲಿನ ಹತ್ತಿರ ಹತ್ತಿರಕ್ಕೆ ಬಂತು. ಅದರ ಮೇಲೆ ಅದು ಸುರುಳಿಗೂ ಪಾತ್ರೆಗೂ ನಡುವೆ ಕೂತಿದೆ. ಪಾತ್ರೆಯ ತಳದಷ್ಟಗಲದ ಫಾಯಿಲ್ ಒಂದು ಗ್ರಾಂ ತೂಗುವುದಿಲ್ಲ, 100 ವಾಟ್ ಅದರಲ್ಲಿಳಿದರೆ ಸೆಕೆಂಡಿಗೆ 100 ಡಿಗ್ರಿ ಮೀರಿ ಏರಬಲ್ಲದು. ಗಾಜಿಗೋ ಪಾತ್ರೆಗೋ ಒತ್ತಿ ಕೂತ ಕಡೆ ಶಾಖ ಜಾರಿಹೋಗುತ್ತದೆ. ಸುಕ್ಕಿನಲ್ಲಿ ಗಾಳಿಯಿರುವ ಕಡೆ ಜಾರಲು ಜಾಗವಿಲ್ಲ. ಗಾಜಿನ ಮೇಲಿನ ಗೆರೆಗಳು ಆ ಸುಕ್ಕುಗಳದ್ದೇ ನಕ್ಷೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ, ಕಚ್ಚಿಕೊಂಡ ಲೋಹವನ್ನು ಗಾಜಿನಿಂದ ಬಿಡಿಸುವುದು ತುಂಬ ಕಷ್ಟ.

ಆವರ್ತನ ಏರಿಸಿದರೆ ಪದರ ತೆಳುವಾಗುತ್ತದಲ್ಲ ಅಂತ ಕೆಲವು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಆವರ್ತನ ನಾಲ್ಕು ಪಟ್ಟು ಮಾಡಿದರೂ ಪದರ ಅರ್ಧಕ್ಕಷ್ಟೇ ಇಳಿಯುತ್ತದೆ, ರೋಧ ಎರಡೇ ಪಟ್ಟು. ಎಲ್ಲ ಲೋಹಗಳಿಗೂ ಆಗುವ ಒಲೆಗಳನ್ನು ಜಪಾನಿನಲ್ಲಿ ಮಾಡಿದ್ದಾರೆ. ಅವುಗಳಲ್ಲಿ ಆವರ್ತನ ಏರಿಸಿದ್ದಲ್ಲದೆ ಸುರುಳಿಯನ್ನೂ ಬೇರೆಯಾಗಿ ಕಟ್ಟಬೇಕಾಯಿತು. ಕಾಂತಕ್ಷೇತ್ರ ದೂಡುವ ಬಲದಿಂದ ಹಗುರ ಅಲ್ಯೂಮಿನಿಯಂ ಪಾತ್ರೆ ಮೇಲೆದ್ದು ಜಾರುವ ತೊಂದರೆಯನ್ನೂ ನಿಭಾಯಿಸಬೇಕಾಯಿತು.

ಚಿಕ್ಕಮ್ಮನಿಗೆ ಚಿಕ್ಕಪೇಟೆಯಲ್ಲಿ ಇಂಡಕ್ಷನ್ ತಳದ ಅಲ್ಯೂಮಿನಿಯಂ ಕುಕ್ಕರ್ ಕೊಡಿಸಿದೆ. ಅಂಗಡಿಯವನು ತಳದ ಸ್ಟೀಲ್ ತಗಡು ಅರ್ಧ ಮಿಲಿಮೀಟರ್ ಅಂದ. ಇಷ್ಟು ತೆಳುವಾದದ್ದು ಸಾಕೇನೋ ಅಂತ ಚಿಕ್ಕಮ್ಮ ಅನುಮಾನಪಟ್ಟರು. ಕರೆಂಟ್ ಇಳಿಯುವುದೇ 0.18, ಅರ್ಧ ಮಿಲಿಮೀಟರ್ ಧಾರಾಳವಾಯಿತು ಅಂದೆ. ತಗಡು ಕಾಯುತ್ತದೆ, ಅದರ ಮೇಲಿನ ಅಲ್ಯೂಮಿನಿಯಂ ಆ ಶಾಖವನ್ನು ತಳದ ತುಂಬ ಹರಡುತ್ತದೆ, ಬೇಳೆ ನಡುವೆ ಸೀಯುವುದಿಲ್ಲ. ಅಜ್ಜಿಯ ಕುಕ್ಕರ್ ಗ್ಯಾಸಿನ ಮೇಲೆ ಈಗಲೂ ಕೂಗುತ್ತಿದೆ.