ಹಳೆಯ ಬಿಳಿ ಪಂಚೆಯ ಹಳದಿ ತೆಗೆಯುವುದು: ಮೊದಲು ಕಬ್ಬಿಣ, ಆಮೇಲೆ ಬ್ಲೀಚ್

ಬೆಂಗಳೂರಿನ ಲಾಂಡ್ರಿಗಳಿಗೆ ಹಳದಿ ತಿರುಗಿದ ಬಿಳಿ ಹತ್ತಿ ಬಟ್ಟೆ ಬರುವುದು ಹೆಚ್ಚಾಗಿ ಮನೆಯಲ್ಲಿ ಶುಭಕಾರ್ಯ ಹತ್ತಿರವಾದಾಗ, ಇಲ್ಲವೇ ಹಳೆಯ ಬೀರು ಖಾಲಿ ಮಾಡುವಾಗ. ತಂದವರು ಹೇಳುವ ಮಾತು ಒಂದೇ: "ಸ್ವಲ್ಪ ಬ್ಲೀಚ್ ಹಾಕಿ ಬೆಳ್ಳಗೆ ಮಾಡಿಕೊಡಿ." ಬ್ಲೀಚ್ ಹಾಕುವುದು ಈ ಕೆಲಸದಲ್ಲಿ ನಾಲ್ಕನೆಯ ಹೆಜ್ಜೆ. ಅದನ್ನು ಮೊದಲ ಹೆಜ್ಜೆ ಮಾಡಿಕೊಂಡರೆ ಬಟ್ಟೆ ಆ ದಿನ ಬೆಳ್ಳಗೆ ಕಂಡರೂ ಮುಂದಿನ ಒಗೆತದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಳ್ಳುತ್ತವೆ. ಇದು ಯಾಕೆ ಆಗುತ್ತದೆ, ಹೇಗೆ ತಪ್ಪಿಸುವುದು ಎಂಬುದನ್ನು ಒಂದೇ ಒಂದು ಪಂಚೆಯ ಲೆಕ್ಕದಲ್ಲಿ ಬರೆಯುತ್ತೇನೆ: ಜರಿಯಿಲ್ಲದ, ಸುಮಾರು 300 ಗ್ರಾಂ ತೂಗುವ, ವರ್ಷಗಟ್ಟಲೆ ಬೋರ್ ನೀರಿನಲ್ಲಿ ಒಗೆದು ಕೊನೆಗೆ ಗಂಜಿ ಹಾಕಿ ಬೀರುವಿನಲ್ಲಿ ಮಡಚಿಟ್ಟ ಹತ್ತಿ ಪಂಚೆ.

ಇಂಥ ಪಂಚೆಯಲ್ಲಿ ಕಾಣುವ ಹಳದಿ ಒಂದೇ ಬಗೆಯದಲ್ಲ. ಸೊಂಟ ತಾಗುವ ಜಾಗದ ಹಳದಿ ಮೈಯೆಣ್ಣೆಯದು. ಒಗೆದು ಇಡುವಾಗ ಉಳಿದ ಜಿಡ್ಡಿಗೆ ಬಣ್ಣವಿರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಳ ಕಾಲ ಗಾಳಿಯ ಆಮ್ಲಜನಕ ತಾಗಿ ಅದು ಹಳದಿಯಾಗಿ ಗಟ್ಟಿಯಾಗುತ್ತದೆ. ಮಡಿಕೆಯ ಗೆರೆಗುಂಟ ಬರುವ ಕಂದು ಹತ್ತಿಯದ್ದೇ. ಹತ್ತಿಯ ನಾರು ಎಂದರೆ ಸೆಲ್ಯುಲೋಸ್, ಗ್ಲೂಕೋಸ್ ಘಟಕಗಳು ಕೂಡಿದ ಉದ್ದನೆಯ ಸರಪಳಿ. ಗಾಳಿ, ಬೆಳಕು, ತೇವ, ಪಕ್ಕದ ಮರ ಅಥವಾ ಹಳೆಯ ನ್ಯೂಸ್‌ಪೇಪರಿನಿಂದ ಬರುವ ಆಮ್ಲ, ಇವು ಸೇರಿ ಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತವೆ, ಕಡಿದ ತುಣುಕುಗಳು ಹಳದಿಯಾಗುತ್ತವೆ. ಬ್ಲೀಚ್ ಈ ಬಣ್ಣವನ್ನು ಅಳಿಸಬಲ್ಲದು, ಕಡಿದ ಸರಪಳಿಯನ್ನು ಮತ್ತೆ ಕೂಡಿಸಲಾರದು. ಗಂಜಿ ಹಾಕಿಯೇ ಇಟ್ಟಿದ್ದರೆ ಗಂಜಿಯೂ ಹಳದಿಯಾಗಿರುತ್ತದೆ.

ಮೂರನೆಯದು ಕಬ್ಬಿಣ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳ ಬಟ್ಟೆ ಬೇರೆ ಬೇರೆ ಥರ ಹಳದಿಯಾಗುವುದಕ್ಕೆ ಇದು ದೊಡ್ಡ ಕಾರಣ. ಬೋರ್ ನೀರಿನಲ್ಲಿ, ಟ್ಯಾಂಕರ್ ನೀರಿನಲ್ಲಿ ಕರಗಿರುವ ಕಬ್ಬಿಣ ಸೋಪಿನ ಕ್ಷಾರ ಮತ್ತು ಗಾಳಿ ತಾಗಿದೊಡನೆ ತುಕ್ಕಾಗಿ ನೂಲಿನೊಳಗೆ ಕೂರುತ್ತದೆ. ಒಂದು ಒಗೆತದಲ್ಲಿ ಗೊತ್ತಾಗುವುದಿಲ್ಲ, ಹತ್ತಾರು ಒಗೆತದ ನಂತರ ಬಟ್ಟೆಗೆಲ್ಲ ಮಂಕು ಕೆಂಚು ಛಾಯೆ ಬರುತ್ತದೆ. ಕಾವೇರಿ ನೀರಿನಲ್ಲೇ ಒಗೆಯುವ ಮನೆಗಳ ಬಟ್ಟೆಯಲ್ಲಿ ಇದು ಕಡಿಮೆ.

ಈಗ ತೂತಿನ ವಿಷಯ. ಆಕ್ಸಿಜನ್ ಬ್ಲೀಚ್ ನೀರಿನಲ್ಲಿ ಬಿಡುವುದು ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣ ಇಲ್ಲದ ಜಾಗದಲ್ಲಿ ಅದು ನಿಧಾನವಾಗಿ, ಸಮನಾಗಿ ಕೆಲಸ ಮಾಡುತ್ತದೆ. ಕಬ್ಬಿಣದ ಕಣ ಕೂತ ಜಾಗದಲ್ಲಿ ಒಮ್ಮೆಲೇ ಒಡೆದು, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುವ ತೀಕ್ಷ್ಣ ತುಣುಕುಗಳಾಗುತ್ತದೆ, ಅಲ್ಲಿನ ನಾರನ್ನು ತಿನ್ನುತ್ತದೆ. ತಾಮ್ರವೂ ಇದೇ ಕೆಲಸ ಮಾಡುತ್ತದೆ. ಅದಕ್ಕೇ ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರನ್ನು ಬ್ಲೀಚ್‌ಗೆ ಬಳಸಬೇಡಿ, ತುಕ್ಕು ಹಿಡಿದ ಬಕೆಟ್ಟೂ ಬೇಡ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಹಾಕಿ. ಹತ್ತಿ ರವಿಕೆಯ ಹುಕ್ಕಿನ ಸುತ್ತಲೇ ಮೊದಲು ಬಟ್ಟೆ ಪಿಸಿಯುವುದೂ ಇದರಿಂದಲೇ. ಹುಕ್ಕು ಬಿಚ್ಚಿಯೇ ನೆನೆಹಾಕಬೇಕು.

ಕೆಲಸ ಶುರು ಮಾಡುವ ಮುಂಚೆ ಮೂರು ಪರೀಕ್ಷೆ. ಪಂಚೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಳುವಾದ ಜಾಗ ನೋಡಿ. ಮಡಿಕೆಯ ಗೆರೆಯ ಎರಡೂ ಬದಿ ಹಿಡಿದು ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಮೆತ್ತಗೆ ಎಳೆಯಿರಿ. ಚಿಟಚಿಟ ಸದ್ದು ಬಂದರೆ ಎಳೆಗಳು ಕಡಿಯುತ್ತಿವೆ. ಅಂಥ ಬಟ್ಟೆಗೆ ತಣ್ಣೀರಿನಲ್ಲಿ ನೆನೆಸಿ ತೆಗೆಯುವುದಕ್ಕಿಂತ ಹೆಚ್ಚಿನದು ಮಾಡಬಾರದು, ಮಾಲೀಕರಿಗೆ ಅದನ್ನು ಮೊದಲೇ ಹೇಳಬೇಕು. ಎರಡನೆಯದು ಅಂಚಿನ ಬಣ್ಣ. ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಮೇಲೆ ಐದು ನಿಮಿಷ ಒತ್ತಿಡಿ, ಬಣ್ಣ ಹತ್ತಿದರೆ ನೆನೆಹಾಕಬೇಡಿ. ಮೂರನೆಯದು ಕಬ್ಬಿಣಕ್ಕೆ. ಅರ್ಧ ಲೋಟ ಬಿಸಿನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಮೂಲೆಯ ಒಂದು ಕಲೆಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆ ಜಾಗ ಸುತ್ತಲಿನದಕ್ಕಿಂತ ತಿಳಿಯಾದರೆ ಕಬ್ಬಿಣ ಇರುವ ಸಾಧ್ಯತೆ ಹೆಚ್ಚು.

ಮೊದಲ ಹೆಜ್ಜೆ ಬರೀ ನೀರು. ಪಂಚೆಯನ್ನು ಬಿಚ್ಚಿ ಹರಡಿ 10 ಲೀಟರ್ ತಣ್ಣೀರಿನಲ್ಲಿ ಒಂದು ಗಂಟೆ ಬಿಡಿ. ಹಳೆಯ ಪಂಚೆಯಾದರೆ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಸೆಲ್ಯುಲೋಸಿನ ಕಡಿದ ತುಣುಕುಗಳೂ ಅವುಗಳ ಆಮ್ಲವೂ ನೀರಿನಲ್ಲಿ ಕರಗುವಂಥವು. ನೀರು ಚೆಲ್ಲಿ ಮತ್ತೆ ಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ. ಯಾವ ರಾಸಾಯನಿಕವೂ ಇಲ್ಲದೆ ಒಂದು ಪಾಲು ಹಳದಿ ಇಲ್ಲೇ ಹೋಗುತ್ತದೆ. ಈ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು.

ಎರಡನೆಯದು ಜಿಡ್ಡು ಮತ್ತು ಗಂಜಿಗೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ 10 ಲೀಟರ್ ನೀರಿಗೆ ಮಾಮೂಲಿ ಪ್ರಮಾಣದ ಡಿಟರ್ಜೆಂಟ್, 20 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾದಿಂದ ಇದಾಗುವುದಿಲ್ಲ, ಅದರ ಕ್ಷಾರ ಸಾಲದು. ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಒತ್ತಿ ಒತ್ತಿ ಒಗೆಯಿರಿ. ಕಲ್ಲಿಗೆ ಬಡಿಯುವುದು ಬೇಡ, ಬ್ರಷ್ ಬೇಡ. ಒದ್ದೆ ಪಂಚೆ ಭಾರವಿರುತ್ತದೆ. ಒಂದು ತುದಿ ಹಿಡಿದೆತ್ತಿದರೆ ಹಳೆಯ ನೂಲು ತನ್ನ ಭಾರಕ್ಕೇ ಹರಿಯಬಹುದು, ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ. ಎರಡು ಸಲ ಜಾಲಿಸಿ.

ಮೂರನೆಯದು ಕಬ್ಬಿಣ ಬಿಡಿಸುವುದು. 10 ಲೀಟರ್ ಬಿಸಿನೀರು, ಕೈಯಿಡಲು ಆಗುವಷ್ಟು, ಸುಮಾರು 45 ಡಿಗ್ರಿ. ಅದಕ್ಕೆ 50 ಗ್ರಾಂ ನಿಂಬೆ ಉಪ್ಪು. 20 ನಿಮಿಷ ಸಾಕು, ನಡುವೆ ಎರಡು ಸಲ ಮಗುಚಿ. ಸಿಟ್ರಿಕ್ ಆಸಿಡ್ ಕಬ್ಬಿಣವನ್ನು ಹಿಡಿದುಕೊಂಡು ನೀರಿಗೆ ತರುತ್ತದೆ, ಗಡಸು ನೀರಿನಿಂದ ಕೂತ ಸುಣ್ಣವನ್ನೂ ಕರಗಿಸುತ್ತದೆ. ಆದರೆ ಹತ್ತಿಗೆ ಕ್ಷಾರ ತಡೆಯುವಷ್ಟು ಆಮ್ಲ ತಡೆಯುವುದಿಲ್ಲ. ಆಮ್ಲದ ನೀರಿನಲ್ಲಿ ರಾತ್ರಿಯೆಲ್ಲ ಬಿಡುವುದು, ಜಾಲಿಸದೆ ಒಣಗಿಸುವುದು, ಇವೆರಡೂ ನೂಲು ಕೆಡಿಸುವ ದಾರಿ. ನೀರು ಆರಿದಂತೆ ಆಮ್ಲ ಎಳೆಯಲ್ಲೇ ಗಟ್ಟಿಯಾಗುತ್ತಾ ಸೆಲ್ಯುಲೋಸನ್ನು ಕಡಿಯುತ್ತದೆ. ಕೂಡಲೇ ಮೂರು ನೀರು ಜಾಲಿಸಿ, ಕೊನೆಯ ಜಾಲಿಕೆ ಕಾವೇರಿ ನೀರಿನಲ್ಲೋ ಆರ್‌ಓ ನೀರಿನಲ್ಲೋ ಆದರೆ ಒಳ್ಳೆಯದು.

ಇದಾದ ಮೇಲೆ ಬ್ಲೀಚ್. ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ, ಅಂದರೆ ಮೇಲೆ ಹೇಳಿದ ಆಕ್ಸಿಜನ್ ಬ್ಲೀಚ್, ಬೇರೇನೂ ಬೆರೆಸದ್ದು, ಲೀಟರಿಗೆ 5 ಗ್ರಾಂನಂತೆ 10 ಲೀಟರಿಗೆ 50 ಗ್ರಾಂ. ನೀರು 50ರಿಂದ 55 ಡಿಗ್ರಿ. ತಣ್ಣೀರಿನಲ್ಲಿ ಇದು ಕರಗಿದರೂ ಕೆಲಸ ಬಹಳ ನಿಧಾನ. ಪುಡಿ ಪೂರ್ತಿ ಕರಗಿದ ಮೇಲೆಯೇ ಪಂಚೆ ಹಾಕಿ, ಕರಗದ ಕಾಳು ನೂಲಿನ ಮೇಲೆ ಕೂರಬಾರದು. ಬಟ್ಟೆ ಉಬ್ಬಿ ಮೇಲೆ ತೇಲುತ್ತದೆ, ತೇಲಿದ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಮೇಲೊಂದು ಪಿಂಗಾಣಿ ತಟ್ಟೆಯಿಟ್ಟು ಮುಳುಗಿಸಿ. ಸಣ್ಣ ಗುಳ್ಳೆಗಳು ಎಲ್ಲ ಕಡೆ ಸಮನಾಗಿ ಏಳುತ್ತಿದ್ದರೆ ಸರಿಯಾಗಿದೆ. ಒಂದೇ ಚುಕ್ಕೆಯಿಂದ ಬುಗುಬುಗು ಏಳುತ್ತಿದ್ದರೆ ಅಲ್ಲಿ ಲೋಹ ಉಳಿದಿದೆ, ಪಂಚೆ ತೆಗೆದು ಜಾಲಿಸಿ ಮೂರನೆಯ ಹೆಜ್ಜೆಗೆ ವಾಪಸ್ಸು ಹೋಗಿ. ನೀರು ತಾನಾಗಿ ಆರುವವರೆಗೆ, ಎರಡರಿಂದ ನಾಲ್ಕು ಗಂಟೆ ಬಿಡಿ. ಉಳಿದ ದ್ರಾವಣವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಸಿಡಿಯುತ್ತದೆ. ಹಳದಿ ಅರ್ಧ ಹೋಗಿದ್ದರೆ ಹೊಸ ನೀರು, ಅದೇ ಪ್ರಮಾಣ, ಇನ್ನೊಂದು ಸಲ. ಪುಡಿಯನ್ನು ದುಪ್ಪಟ್ಟು ಮಾಡಿ ಒಂದೇ ಸಲಕ್ಕೆ ಮುಗಿಸುವ ಯೋಚನೆ ಬೇಡ.

ಕ್ಲೋರಿನ್ ಬ್ಲೀಚ್ ಯಾಕೆ ಬೇಡ ಎಂದು ಕೇಳುತ್ತಾರೆ. ಅದರ ಕ್ಷಾರ ಇಳಿದು ನೀರು ಆಮ್ಲವೂ ಅಲ್ಲ ಕ್ಷಾರವೂ ಅಲ್ಲ ಎಂಬ ಮಟ್ಟಕ್ಕೆ ಬಂದಾಗ ಹತ್ತಿಯನ್ನು ಅತಿ ಹೆಚ್ಚು ಕಡಿಯುತ್ತದೆ. ಬಕೆಟ್ಟಿನಲ್ಲಿ ಅದು ಆ ಮಟ್ಟಕ್ಕೆ ಇಳಿಯದಂತೆ ಕಾಯುವುದು ಕಷ್ಟ. ಇಸ್ತ್ರಿ ಬೇಡದ ಫಿನಿಷ್ ಇರುವ ಶರ್ಟಿನಲ್ಲಿ ಕ್ಲೋರಿನ್ ಆ ಲೇಪಕ್ಕೆ ಅಂಟಿ ಇನ್ನಷ್ಟು ಹಳದಿ ಮಾಡುತ್ತದೆ. ನಿಂಬೆ ಉಪ್ಪಿನ ನೀರಿಗೋ ವಿನೆಗರಿಗೋ ಅದನ್ನು ಬೆರೆಸಿದರೆ ವಿಷಗಾಳಿ ಬರುತ್ತದೆ. ಎರಡನ್ನೂ ಒಂದೇ ದಿನ ಒಂದೇ ಬಚ್ಚಲಿನಲ್ಲಿ ತೆರೆಯಲೇಬೇಡಿ.

ಕೊನೆಯ ಜಾಲಿಕೆಯೇ ಅರ್ಧ ಕೆಲಸ. ಪರ್‌ಕಾರ್ಬೊನೇಟಿನ ಕ್ಷಾರ ಎಳೆಯಲ್ಲಿ ಉಳಿದರೆ ಇಸ್ತ್ರಿಯ ಬಿಸಿಗೆ ಪಂಚೆ ಮತ್ತೆ ಹಳದಿಯಾಗುತ್ತದೆ. ಬ್ಲೀಚ್ ಫಲಿಸಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಮೂರು ನೀರು ಜಾಲಿಸಿ, ನಾಲ್ಕನೆಯ 10 ಲೀಟರಿಗೆ 5 ಗ್ರಾಂ ನಿಂಬೆ ಉಪ್ಪು ಹಾಕಿ ಐದು ನಿಮಿಷ ಬಿಟ್ಟು, ಮತ್ತೆ ಬರೀ ನೀರಿನಲ್ಲಿ ಎರಡು ಸಲ ತೆಗೆಯಿರಿ. ಸರಿಹೋಯಿತೇ ಎಂದು ತಿಳಿಯಲು ಅರಿಶಿನವೇ ಸಾಕು. ಒಂದು ಬಿಳಿ ಕಾಗದಕ್ಕೆ ಅರಿಶಿನ ಕದಡಿದ ನೀರು ಬಳಿದು ಒಣಗಿಸಿಟ್ಟುಕೊಳ್ಳಿ. ಪಂಚೆಯ ತುದಿ ಹಿಂಡಿ ಒಂದು ಹನಿಯನ್ನು ಅದರ ಮೇಲೆ ಬೀಳಿಸಿ. ಕುಂಕುಮದ ಕೆಂಪಿಗೆ ತಿರುಗಿದರೆ ಕ್ಷಾರ ಉಳಿದಿದೆ, ಮತ್ತೆ ಜಾಲಿಸಿ. ಹಳದಿಯಾಗೇ ಉಳಿದರೆ ಹಿಂಡದೆ, ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಅಗಲವಾಗಿ ಹರಡಿ. ಬಿಸಿಲು ಒದ್ದೆ ಬಟ್ಟೆಯನ್ನು ಬೆಳ್ಳಗಾಗಿಸುತ್ತದೆ, ಆದರೆ ಒಣಗಿದ ಮೇಲೂ ತಂತಿಯ ಮೇಲೇ ಬಿಟ್ಟರೆ ಅದೇ ಬಿಸಿಲು ನಾರನ್ನು ಕೆಡಿಸುತ್ತದೆ. ಆರಿದ ಕೂಡಲೇ ತೆಗೆಯಿರಿ.

ಇಷ್ಟಾದರೂ ಪಂಚೆ ಅಂಗಡಿಯ ಹೊಸದರಂತೆ ಫಳಫಳ ಕಾಣಲಿಕ್ಕಿಲ್ಲ, ತಿಳಿ ಕೆನೆಬಣ್ಣದಲ್ಲಿ ನಿಲ್ಲಬಹುದು. ಮಿಲ್ಲಿನ ಬಿಳುಪಿಗೆ ಒಂದು ಲೇಪ ಕಾರಣ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಸುವ ಆಪ್ಟಿಕಲ್ ಬ್ರೈಟ್ನರ್ ಅದು, ವರ್ಷಗಳಲ್ಲಿ ಬೆಳಕಿಗೂ ಒಗೆತಕ್ಕೂ ಹೋಗಿಬಿಡುತ್ತದೆ. ನೋಟು ನೋಡುವ ಯುವಿ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಹೊಸ ಬಟ್ಟೆ ನೀಲಿಯಾಗಿ ಬೆಳಗುತ್ತದೆ, ಹಳೆಯ ಪಂಚೆ ಮಂಕಾಗಿರುತ್ತದೆ. ಇದು ಕೊಳೆಯಲ್ಲ, ಬ್ಲೀಚಿಗೆ ಬಗ್ಗುವುದಿಲ್ಲ. ಎರಡನೆಯ ಬ್ಲೀಚ್ ಆದ ಮೇಲೆ ಬಣ್ಣ ಕದಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಬ್ರೈಟ್ನರ್ ಇರುವ ಡಿಟರ್ಜೆಂಟಿನಲ್ಲಿ ಒಂದೆರಡು ಒಗೆತ, ಇಲ್ಲವೇ ಕೊನೆಯ ನೀರಿಗೆ ನಾಲ್ಕು ಹನಿ ನೀಲಿ ಸಾಕು. ನೀಲಿಯನ್ನು ಮೊದಲು ಲೋಟದ ನೀರಿನಲ್ಲಿ ಕದಡಿ ಆಮೇಲೆ ಬಕೆಟ್ಟಿಗೆ ಬೆರೆಸಿ, ನೇರವಾಗಿ ಬಿದ್ದ ಹನಿಯ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಮತ್ತೆ ಎತ್ತಿಡುವುದಾದರೆ ಗಂಜಿ, ನೀಲಿ ಎರಡೂ ಬೇಡ. ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರು, ನ್ಯೂಸ್‌ಪೇಪರು, ಬರಿಯ ಮರದ ಹಲಗೆ ತಾಗದಿರಲಿ. ವರ್ಷಕ್ಕೊಮ್ಮೆ ಬಿಚ್ಚಿ, ಹಳೆಯ ಗೆರೆ ತಪ್ಪಿಸಿ ಬೇರೆ ಜಾಗದಲ್ಲಿ ಮಡಚಿ.