ಮೇಸ್ತ್ರಿಯ ಉಳಿಗೊಂದು ಪೆಟ್ಟಿಗೆ, ಜೊತೆಗೊಂದು ಚೀಟಿ

18 ದಿನ ಬಾಕಿ

ನಮ್ಮದು ಆರು ಜನರ ಮರಗೆಲಸದ ಶೆಡ್. ಮೇಸ್ತ್ರಿ ಇಲ್ಲಿಗೆ ಬಂದು 27 ವರ್ಷ, ಈ ತಿಂಗಳ ಕೊನೆಗೆ ನಿವೃತ್ತಿ. ಬೀಳ್ಕೊಡುವ ಉಡುಗೊರೆಯಾಗಿ ಗೋಡೆ ಗಡಿಯಾರ ಮಾತ್ರ ಬೇಡ ಎಂದು ಎಲ್ಲರೂ ಒಪ್ಪಿದೆವು. ಅವರು ದಿನಾ ಹಿಡಿಯುವ ಒಂದಿಂಚಿನ ಉಳಿ ಶೆಡ್ಡಿನದು. ಮಸೆದು ಮಸೆದು ಅದರ ಅಲಗು ಅರ್ಧಕ್ಕೆ ಬಂದಿದೆ. ಅದನ್ನೇ ಕೊಡೋಣವೇ ಎಂದು ಮಾಲೀಕರನ್ನು ಕೇಳಿದೆ. "ಅದು ಅವರದ್ದೇ ಅಲ್ವಾ?" ಎಂದರು. ಅವರಿಗೂ ಗೊತ್ತಿರಲಿಲ್ಲ!

ಉಳಿ ಕೂರಲು ತೇಗದ ಪೆಟ್ಟಿಗೆ ಮಾಡುವ ಕೆಲಸ ನನ್ನದು.

14 ದಿನ ಬಾಕಿ

ಉಳಿಯನ್ನು ಕದ್ದು ಇಟ್ಟುಕೊಳ್ಳುವ ಹಾಗಿಲ್ಲ, ಐದು ನಿಮಿಷದಲ್ಲಿ ಹುಡುಕುತ್ತಾರೆ. ಅವರು ಊಟಕ್ಕೆ ಹೋದಾಗ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಅಂಚು ಬರೆದುಕೊಂಡೆ. ಆ ಅಳತೆಗೆ ಹಲಗೆಯಲ್ಲಿ ಗುಳಿ ಕೊರೆದೆ.

ಎಡವಿದ್ದು ಇಲ್ಲೇ. ಕಾಗದದಲ್ಲಿ ಅಗಲ ಬರುತ್ತದೆ, ದಪ್ಪ ಬರುವುದಿಲ್ಲ. ಕೊಡತಿಯ ಏಟು ತಿಂದು ಹಿಡಿಯ ತಲೆ ಅಣಬೆಯಂತೆ ಅರಳಿದೆ. ಮರುದಿನ ಇಟ್ಟು ನೋಡಿದರೆ ತಲೆ ಗುಳಿಯಿಂದ ಮೇಲೆದ್ದು ನಿಂತಿತು, ಮುಚ್ಚಳ ಕೂರಲಿಲ್ಲ. ಹಿಡಿಯ ತಲೆಯನ್ನೇ ಸ್ವಲ್ಪ ಉಜ್ಜಿಬಿಡು ಎಂದ ಒಬ್ಬ. ಆಗಲ್ಲ ಎಂದೆ. ಆ ಅರಳಿದ ತಲೆ, ಬೆವರು ಹಿಡಿದು ಕಪ್ಪಾದ ಜಾಗ ಹೋದರೆ ಅದು ಬರೀ ಹಳೇ ಉಳಿ.

ಹಿಡಿಯ ತಲೆ ಬರುವ ಕಡೆ ಮಾತ್ರ ಗುಳಿಯನ್ನು ಇನ್ನಷ್ಟು ಆಳ ಮಾಡಿದೆ. ಸುತ್ತಲೂ 2 ಮಿಲಿಮೀಟರ್ ಸಡಿಲ ಬಿಟ್ಟೆ. ಪಕ್ಕದಲ್ಲಿ ಬೆರಳು ಹೋಗುವಷ್ಟು ತಗ್ಗನ್ನೂ ಕೊರೆದೆ, ಇಲ್ಲದಿದ್ದರೆ ಉಳಿ ತೆಗೆಯಲು ಪೆಟ್ಟಿಗೆಯನ್ನೇ ಬೋರಲು ಹಾಕಬೇಕು.

9 ದಿನ ಬಾಕಿ

ಹೊರಗೆ ಅಗಸೆ ಎಣ್ಣೆ ಹಚ್ಚಿದೆ. ಒಳಗೆ ಹಚ್ಚಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಗಾಳಿ ಆಡದೆ ಎಣ್ಣೆಯ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಳಗೆ ತೆಳುವಾಗಿ ಎರಡು ಕೈ ಅರಗಿನ ಪಾಲಿಶ್ ಸಾಕು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಲು ಹಾಕಿದೆ. ಮುದ್ದೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಕಲಿಸಿದ್ದು ಮೇಸ್ತ್ರಿಯೇ.

5 ದಿನ ಬಾಕಿ

ಚೀಟಿ ಪೆಟ್ಟಿಗೆಗಿಂತ ಕಷ್ಟ. ಮೊದಲ ಸಲ "ನಿಷ್ಠೆ, ಶ್ರದ್ಧೆ" ಎಂದೆಲ್ಲ ಬರೆದೆ. ಓದಿದರೆ ಯಾರಿಗೆ ಬೇಕಾದರೂ ಕೊಡಬಹುದಾದ ಸರ್ಟಿಫಿಕೇಟ್. ಹರಿದು ಹಾಕಿದೆ. ಮೇಸ್ತ್ರಿಯಿಂದ ಕಲಿತ ಒಂದೇ ಒಂದು ಸಂಗತಿ ಹೇಳಿ ಎಂದು ಉಳಿದವರನ್ನು ಕೇಳಿದೆ. ಈಗ ಚೀಟಿ ಹೀಗಿದೆ:

"ಮೇಸ್ತ್ರಿ, ಕೊಯ್ಯುವ ಮುಂಚೆ ಎರಡು ಸಲ ಅಳೆಯುತ್ತೇವೆ. ಗೆರೆಯ ಯಾವ ಪಕ್ಕ ಕೊಯ್ಯಬೇಕೆಂದು ಗುರುತು ಹಾಕುತ್ತೇವೆ. ನಾನು ಹಾಳು ಮಾಡಿದ ಬಾಗಿಲನ್ನು ನೀವು ರಾತ್ರಿ ಕೂತು ಸರಿ ಮಾಡಿದ್ದು ಮಾಲೀಕರಿಗೆ ಇವತ್ತೇ ಗೊತ್ತಾಗುತ್ತಿದೆ. ಉಳಿ ನಿಮ್ಮದು. ಮಸೆಯುವ ಕಲ್ಲು ಮಾತ್ರ ಇಲ್ಲೇ ಇರಲಿ, ನಮಗೆ ಬೇಕು."

ಕನ್ನಡಕ ಮರೆತರೂ ಓದಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಇನ್ನೊಂದು ಸಹಿ ಬಾಕಿ, ಹುಡುಗ ರಜೆಯಲ್ಲಿದ್ದಾನೆ. ಕೊನೆಯ ದಿನ ಸಂಜೆ ಅವರು ಉಳಿ ಕೆಳಗಿಟ್ಟ ಮೇಲೆ ಎಣ್ಣೆ ಒರೆಸಿ ಪೆಟ್ಟಿಗೆಗೆ ಹಾಕಬೇಕು, ಅದಕ್ಕಿಂತ ಮುಂಚೆ ಆಗದು.