ಎರಡನೇ ಬದಿಗೆ ಮಾತ್ರ ಪೇಪರ್ ಜಾಮ್ ಆಗುವುದೇಕೆ?

"ಒಂದೇ ಸೈಡ್ ಪ್ರಿಂಟ್ ಕೊಟ್ರೆ ಏನೂ ತೊಂದರೆ ಇಲ್ಲ. ಎರಡೂ ಸೈಡ್ ಅಂತ ಕೊಟ್ರೆ ಮಾತ್ರ ಪೇಪರ್ ಜಾಮ್. ಬೇರೆ ಪೇಪರ್ ಹಾಕಿ ನೋಡಿದ್ದೂ ಆಯ್ತು. ಯಾಕೆ ಹೀಗೆ?"

ಟ್ರೇಯಿಂದ ಹಾಳೆ ಎತ್ತುವ ರೋಲರ್ ಮೇಲಿನ ಅನುಮಾನವನ್ನು ಮೊದಲು ಬಿಡಿ. ಅದು ಕೆಟ್ಟಿದ್ದರೆ ಒಂದೇ ಸೈಡ್ ಪ್ರಿಂಟೂ ಬರುತ್ತಿರಲಿಲ್ಲ. ಎಡವಟ್ಟಾಗುತ್ತಿರುವುದು ಎರಡನೇ ಬದಿಗೆ ಮಾತ್ರ ತೆರೆದುಕೊಳ್ಳುವ ದಾರಿಯಲ್ಲಿ. ಆ ದಾರಿ ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಅದೊಂದು ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಆಫೀಸುಗಳಲ್ಲಿ ಸಾಮಾನ್ಯವಾಗಿರುವ ಲೇಸರ್ ಪ್ರಿಂಟರ್ ಬಗ್ಗೆ.

ಮೊದಲ ಬದಿಯ ದಾರಿ ಸುಲಭ. ಟ್ರೇಯಿಂದ ಎದ್ದ ಹಾಳೆ ಡ್ರಮ್ ಕೆಳಗೆ ಹಾದು ಟೋನರ್ ಪುಡಿ ಹೊತ್ತುಕೊಂಡು ಫ್ಯೂಸರ್‌ಗೆ ಹೋಗುತ್ತದೆ. ಅಲ್ಲಿ ಸುಮಾರು 200 ಡಿಗ್ರಿ ಬಿಸಿಯಲ್ಲಿ ಪುಡಿ ಕರಗಿ ಕಾಗದಕ್ಕೆ ಅಂಟುತ್ತದೆ. ಆಮೇಲೆ ಮೇಲಿನ ರೋಲರ್‌ಗಳು ಹಾಳೆಯನ್ನು ಹೊರಗೆ ತಳ್ಳುತ್ತವೆ.

ಎರಡೂ ಬದಿ ಬೇಕೆಂದಾಗ ಹಾಳೆ ಪೂರ್ತಿ ಹೊರಗೆ ಬರುವುದಿಲ್ಲ. ಮುಕ್ಕಾಲು ಭಾಗ ಹೊರಗೆ ಇಣುಕಿ, ಬಾಲ ಮಾತ್ರ ಒಳಗೆ ಉಳಿದಾಗ ನಿಲ್ಲುತ್ತದೆ. ಹೊರ ರೋಲರ್ ಅಲ್ಲೇ ಹಿಂದಕ್ಕೆ ತಿರುಗಲು ಶುರುಮಾಡುತ್ತದೆ. ಬಾಲ ಈಗ ತಲೆಯಾಯಿತು. ಹಾಳೆ ಹಿಂಬಾಗಿಲಿನ ಒಳಮೈಗೆ ಒರಗಿಕೊಂಡು ಕೆಳಗಿಳಿದು, ಪ್ರಿಂಟರ್‌ನ ತಳದಲ್ಲಿರುವ ಡ್ಯುಪ್ಲೆಕ್ಸ್ ದಾರಿಯಲ್ಲಿ ಮುಂದಕ್ಕೆ ಸಾಗಿ, ಮತ್ತೆ ಡ್ರಮ್ ಹತ್ತಿರ ಬರುತ್ತದೆ. ಅಷ್ಟರಲ್ಲಿ ಮಗ್ಗುಲೂ ಬದಲಾಗಿರುತ್ತದೆ.

ಹಾಳೆ ವಾಪಸ್ ತಿರುಗುವ ಆ ಒಂದು ಕ್ಷಣವನ್ನು ಸ್ವಲ್ಪ ಗಮನಿಸಿ. ಮೊದಲ ಸುತ್ತಿನಲ್ಲಿ ಹೊರ ರೋಲರ್‌ಗೆ ಅಂಥ ಕೆಲಸವೇನೂ ಇರುವುದಿಲ್ಲ, ಹಿಂದಿನಿಂದ ಫ್ಯೂಸರ್ ತಳ್ಳುತ್ತಿರುತ್ತದೆ. ಕೊನೆಗೆ ಉಳಿದ ಬಾಲವನ್ನು ದಾಟಿಸಿದರೆ ಆಯಿತು. ವಾಪಸ್ ಎಳೆಯುವಾಗ ಹಾಗಲ್ಲ. ಹಾಳೆ ಆಗಲೇ ಫ್ಯೂಸರ್‌ನ ಹಿಡಿತ ಬಿಟ್ಟಿರುತ್ತದೆ. ಇಡೀ ಹಾಳೆಯನ್ನು ಅದರ ಅಂಚು ಹಿಡಿದು ಈ ಒಂದು ಜೊತೆ ರೋಲರೇ ಒಳಗೆ ಎಳೆಯಬೇಕು. ರಬ್ಬರ್ ಸವೆದು ನುಣುಪಾಗಿದ್ದರೂ ಒಂದೇ ಸೈಡ್ ಪ್ರಿಂಟ್‌ನಲ್ಲಿ ಅದು ಗೊತ್ತಾಗುವುದೇ ಇಲ್ಲ. ಬಣ್ಣ ಬಯಲಾಗುವುದು ಇಲ್ಲಿ.

ಇನ್ನೊಂದು ವಿಷಯ. ಜಾಮ್ ಅಂದರೆ ಹಾಳೆ ಎಲ್ಲೋ ತಡೆದು ನಿಂತಿದೆ ಅಂತಲೇ ಆಗಬೇಕಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ. ಹಾಳೆ ತಾಗಿದರೆ ಅವು ವಾಲುತ್ತವೆ, ಸೆನ್ಸರ್‌ಗೆ ಸುದ್ದಿ ಹೋಗುತ್ತದೆ. ಇಂತಿಷ್ಟು ಹೊತ್ತಿನಲ್ಲಿ ಸುದ್ದಿ ಬರಲಿಲ್ಲ ಅಂದರೆ ಪ್ರಿಂಟರ್ ಎಲ್ಲವನ್ನೂ ನಿಲ್ಲಿಸಿ ಜಾಮ್ ಅನ್ನುತ್ತದೆ. ರೋಲರ್ ಜಾರಿ ಹಾಳೆ ತಡವಾಗಿ ಬಂದರೂ ಅದೇ ಮಾತು.

ಹಾಗಾಗಿ ಜಾಮ್ ಆದ ಹಾಳೆಯನ್ನು ಸಿಟ್ಟಿನಿಂದ ಮುದ್ದೆ ಮಾಡಿ ಎಸೆಯಬೇಡಿ. ಅದು ಎಲ್ಲಿ ನಿಂತಿತ್ತು, ಹೇಗಿದೆ ನೋಡಿ. ಸ್ವಲ್ಪವೂ ಸುಕ್ಕಿಲ್ಲದೆ ಹೊರಗೆ ಇಣುಕಿಕೊಂಡು ನಿಂತಿದ್ದರೆ ಅದು ಜಾರಿದ ಹಾಳೆ, ಅಥವಾ ಹೊರ ರೋಲರ್ ಹಿಂದಕ್ಕೆ ತಿರುಗಲೇ ಇಲ್ಲ. ಹಿಂಬಾಗಿಲಿನ ಹತ್ತಿರ ಬೀಸಣಿಗೆಯಂತೆ ಮಡಚಿಕೊಂಡಿದ್ದರೆ ಅದು ಯಾವುದಕ್ಕೋ ಗುದ್ದಿದ ಹಾಳೆ. ಒಂದೇ ಮೂಲೆ ಮಡಚಿದ್ದರೆ, ಪ್ರತಿ ಸಲವೂ ಅದೇ ಮೂಲೆಯಾ ಅಂತ ನೋಡಿ. ಹೌದಾದರೆ ಆ ಬದಿಯಲ್ಲಿ ಏನೋ ಅಡ್ಡ ಇದೆ.

ಒಂದು ಕಡೆ ನನ್ನನ್ನು ಕರೆದಿದ್ದರು. 120 ಪುಟದ ಕಡತ, ಎರಡೂ ಬದಿ ಅಂದರೆ 60 ಹಾಳೆ. ಮೊದಲ ಮೂವತ್ತು ಚೆನ್ನಾಗಿ ಬರುತ್ತಿತ್ತು. ಆಮೇಲೆ ಎರಡು ಮೂರು ಹಾಳೆಗೊಂದು ಜಾಮ್. ಆಗಲೇ ಟೋನರ್ ಬದಲಾಯಿಸಿದ್ದರು, ಪಾಪ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಒಂದು ಪರೀಕ್ಷೆ ಮಾಡಿದೆ. ಹತ್ತು ಹಾಳೆಗೆ ಒಂದು ಬದಿ ಪ್ರಿಂಟ್ ಹಾಕಿಸಿ, ಆರಲು ಬಿಟ್ಟು, ನೀಟಾಗಿ ಜೋಡಿಸಿ, ಕೈಯಲ್ಲೇ ತಿರುಗಿಸಿ ಟ್ರೇಗೆ ಹಾಕಿ ಇನ್ನೊಂದು ಬದಿಗೆ ಕೊಟ್ಟೆ. ಹತ್ತೂ ಬಂದವು. ಅಂದರೆ ಒಮ್ಮೆ ಪ್ರಿಂಟ್ ಆದ ಹಾಳೆಯೂ ಮುಖ್ಯ ದಾರಿಯಲ್ಲಿ ಸಲೀಸಾಗಿ ಹೋಗುತ್ತದೆ. ತೊಂದರೆ ಇರುವುದು ತಿರುಗುವ ಜಾಗದಲ್ಲೋ, ಹಿಂಬಾಗಿಲಲ್ಲೋ, ತಳದಲ್ಲೋ.

ಜಾಮ್ ಆದ ಹಾಳೆಗಳನ್ನು ನೋಡಿದೆ. ಎಲ್ಲದರ ಮೇಲೂ ಸಮಸಂಖ್ಯೆಯ ಪುಟ ಮಾತ್ರ ಇತ್ತು. ಇದನ್ನು ನೋಡಿ ಗಲಿಬಿಲಿ ಆಗಬೇಡಿ. ಎಷ್ಟೋ ಪ್ರಿಂಟರ್‌ಗಳು 2ನೇ ಪುಟವನ್ನು ಮೊದಲು ಹಾಕಿ, ಆಮೇಲೆ 1ನೇ ಪುಟ ಹಾಕುತ್ತವೆ, ಹೊರಗೆ ಬೀಳುವಾಗ ಕ್ರಮ ಸರಿ ಇರಲಿ ಅಂತ. ಹಾಳೆಗಳಲ್ಲಿ ಒಂದು ಸುಕ್ಕೂ ಇರಲಿಲ್ಲ. ಎಲ್ಲವೂ ಅರ್ಧ ಹೊರಗೆ ನಿಂತಿದ್ದವು. ಅಲ್ಲಿಗೆ ಜಾರುತ್ತಿದೆ ಅನ್ನುವುದು ಗೊತ್ತಾಯಿತು.

ಆದರೆ ಮೂವತ್ತರ ನಂತರವೇ ಯಾಕೆ? ಸುಮ್ನೆ ಪಕ್ಕದಲ್ಲಿ ನಿಂತು ನೋಡಿದೆ. ಪ್ರಿಂಟ್ ಆದ ಹಾಳೆಗಳು ಹೊರಗಿನ ತಟ್ಟೆಯಲ್ಲಿ ರಾಶಿ ಬೀಳುತ್ತಿದ್ದವು. ಬಿಸಿಗೆ ಸ್ವಲ್ಪ ಸುರುಳಿ ಬೇರೆ. ಮುಂದಿನ ಹಾಳೆ ಇಣುಕಿದಾಗ ಈ ರಾಶಿಯ ಮೇಲೆ ಉಜ್ಜಿಕೊಂಡು ಹೋಗುತ್ತಿತ್ತು, ವಾಪಸ್ ಬರುವಾಗಲೂ ಉಜ್ಜಿಕೊಂಡೇ ಬರಬೇಕು. ಸವೆದ ರೋಲರ್ ಖಾಲಿ ತಟ್ಟೆ ಇದ್ದಾಗ ಹೇಗೋ ಎಳೆದುಕೊಳ್ಳುತ್ತಿತ್ತು. ರಾಶಿ ಎತ್ತರವಾದಂತೆ ಸೋಲುತ್ತಿತ್ತು. ರಾಶಿ ತೆಗೆದು ಪ್ರಿಂಟ್ ಮುಂದುವರಿಸಿದೆ. ಜಾಮ್ ನಿಂತಿತು.

ಪ್ರಿಂಟರ್ ಆರಿಸಿ, ಫ್ಯೂಸರ್ ತಣ್ಣಗಾದ ಮೇಲೆ ಹೊರ ರೋಲರ್‌ಗಳನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿದೆ. ಕಾಗದದ ಬಿಳಿ ಧೂಳು ಬಟ್ಟೆಗೆ ಹತ್ತಿತು. ಆಮೇಲೆ 60 ಹಾಳೆಯೂ ಒಂದೇ ಸಲಕ್ಕೆ ಬಂತು. ಇದು ಶಾಶ್ವತವಲ್ಲ, ನೆನಪಿರಲಿ. ಕೆಲವು ವಾರದಲ್ಲೇ ಮತ್ತೆ ಶುರುವಾದರೆ ರಬ್ಬರ್ ಮುಗಿದಿದೆ ಅಂತ ಅರ್ಥ, ರೋಲರ್ ಬದಲಿಸಲೇಬೇಕು.

ನಿಮ್ಮ ಹಾಳೆ ಬೀಸಣಿಗೆಯಂತೆ ಬರುತ್ತಿದ್ದರೆ ಕಥೆ ಬೇರೆ. ಮೊದಲು ಹಿಂಬಾಗಿಲು ನೋಡಿ. ಅದರ ಒಳಮೈಯೇ ಹಾಳೆ ತಿರುಗುವ ಬಾಗಿನ ಗೋಡೆ. ಒಂದು ಕಡೆ ಕೊಂಡಿ ಕೂರದೆ ಸ್ವಲ್ಪ ಸಡಿಲವಾಗಿದ್ದರೂ ಸಾಕು, ಹಾಳೆಯ ಅಂಚು ಸಂದಿಗೆ ಹೋಗಿ ಗುದ್ದುತ್ತದೆ. ಎರಡೂ ತುದಿ ಒತ್ತಿ ಮುಚ್ಚಿ. ಆಮೇಲೂ ಹಾಗೇ ಆದರೆ ಸುರುಳಿಯ ಮೇಲೆ ಅನುಮಾನ. ಟ್ರೇಯಲ್ಲಿರುವ ಕಟ್ಟನ್ನು ಪೂರ್ತಿ ಮಗುಚಿ ಹಾಕಿ. ಕಾಗದದ ಎರಡು ಮೈ ಒಂದೇ ಥರ ಇರುವುದಿಲ್ಲ, ಬಿಸಿಗೆ ಒಂದು ಕಡೆ ಜಾಸ್ತಿ ಸುರುಳಿಯಾಗುತ್ತದೆ. ತೇವ ಹಿಡಿದ ಕಾಗದವಾದರಂತೂ ಹೇಳುವುದೇ ಬೇಡ. ದಪ್ಪ ಹಾಳೆಗೆ ಈ ಬಾಗು ಆಗಿಬರುವುದಿಲ್ಲ. ಡ್ಯುಪ್ಲೆಕ್ಸ್‌ಗೆ ಎಷ್ಟು ಜಿಎಸ್‌ಎಂ ತನಕ ಅನ್ನುವುದು ಪ್ರಿಂಟರ್‌ನ ಕೈಪಿಡಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಒಂದು ಸೈಡ್‌ಗೆ ಹೇಳಿದ ಮಿತಿಗಿಂತ ಅದು ಸಾಮಾನ್ಯವಾಗಿ ಕಡಿಮೆ.

ಒಂದೇ ಮೂಲೆ ಮಡಚುತ್ತಿದ್ದರೆ ಟಾರ್ಚ್ ಹಿಡಿದು ತಳದ ದಾರಿ ನೋಡಿ. ನಾನು ಅಲ್ಲಿ ಜಾಸ್ತಿ ಕಂಡಿರುವುದು ಹಿಂದಿನ ಯಾವುದೋ ಜಾಮ್‌ನಲ್ಲಿ ಹರಿದು ಉಳಿದ ಕಾಗದದ ಚೂರು. ಹಾಳೆಯನ್ನು ಎಳೆದು ತೆಗೆದ ಮೇಲೆ ಮೇಜಿನ ಮೇಲೆ ಹರಡಿ ನಾಲ್ಕೂ ಮೂಲೆ ಇದೆಯಾ ಎಣಿಸಿ. ಒಂದು ಇಲ್ಲ ಅಂದರೆ ಅದು ಇನ್ನೂ ಒಳಗಿದೆ.